ನಾಲ್ಕು ಜಲಾಶಯ, ಏಳು ಅಂಕಿ, ಎರಡು ಖಾಲಿ ಜಾಗ

ಮಂಡ್ಯದ ಕಡೆ ಗದ್ದೆ ಮಾಡಿಕೊಂಡಿರುವ ನಮ್ಮ ಭಾವ ಮುಂಗಾರಿನ ಒಂದು ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಆರು ಸಾಲು ಕಳಿಸಿದರು. ಮೇಲೊಂದು ಮಾತಿಲ್ಲ, ಕೆಳಗೊಂದು ಪ್ರಶ್ನೆಯಿಲ್ಲ. ಕಾವೇರಿ ಕಣಿವೆಯ ನಾಲ್ಕು ಜಲಾಶಯಗಳ ಆ ದಿನದ ನೀರಿನ ಲೆಕ್ಕವನ್ನು ಎಲ್ಲಿಂದಲೋ ಬೆರಳಿನಿಂದ ಎಳೆದು ಗುರುತಿಸಿ, ನಕಲು ಮಾಡಿ ಅಂಟಿಸಿದ್ದರು. ನಕಲು ಮಾಡುವಾಗ ಮನೆಗಳ ನಡುವಿನ ಗೆರೆಗಳು ಹಿಂದೆಯೇ ಉಳಿದು ಅಂಕಿಗಳಷ್ಟೇ ಬಂದಿದ್ದವು.

ಅದು ಹೀಗಿತ್ತು. ಇದರಲ್ಲಿ ಗರಿಷ್ಠ ಮಟ್ಟ ಮತ್ತು ಸಾಮರ್ಥ್ಯ ಆಯಾ ಜಲಾಶಯದ ನಿಜವಾದ ಅಂಕಿಗಳು. ದಿನದ ಅಂಕಿಗಳನ್ನು ಮಾತ್ರ ಲೆಕ್ಕ ತೋರಿಸುವ ಅನುಕೂಲಕ್ಕೆ ನಾನೇ ಬದಲಿಸಿ ಇಟ್ಟಿದ್ದೇನೆ.

```
ಜಲಾಶಯ ಗರಿಷ್ಠ ಮಟ್ಟ ಸಾಮರ್ಥ್ಯ ಇಂದಿನ ಮಟ್ಟ ಸಂಗ್ರಹ ಒಳಹರಿವು ಹೊರಹರಿವು
(ಅಡಿ) (ಟಿಎಂಸಿ) (ಅಡಿ) ನಿನ್ನೆ ಇಂದು (ಕ್ಯುಸೆಕ್)
ಹಾರಂಗಿ 2859.00 8.50 2851.30 6.60 1,240 800
ಹೇಮಾವತಿ 2922.00 37.10 2908.10 25.02 25.40 4,615 250
ಕೃಷ್ಣರಾಜ ಸಾಗರ 124.80 49.45 110.60 32.10 32.60 8,300 2,514
ಕಬಿನಿ 2284.00 19.52 2281.40 17.55 17.90 2,000
```

ಇಂಥದ್ದು ಕೈಗೆ ಬಂದಾಗ ಕೈ ಸುಮ್ಮನಿರುವುದಿಲ್ಲ. ಒಟ್ಟು ಎಷ್ಟು ನೀರಿದೆ, ಶೇಕಡಾ ಎಷ್ಟು ತುಂಬಿದೆ ಎಂದು ಕೂಡಿಸಿ, ಭಾಗಿಸಿ ಉತ್ತರ ಕಳಿಸಬೇಕೆನಿಸುತ್ತದೆ. ಭಾವ ಅದನ್ನು ಕೇಳಿಯೇ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಯಾವ ಅಂಕಿ ಯಾವ ಕಾಲಮ್ಮಿನದು ಎಂಬುದೇ ಇಲ್ಲಿ ಗಟ್ಟಿಯಾಗಿಲ್ಲ. ಹಾಗಾಗಿ ಕೂಡಿಸುವುದನ್ನು ಬಿಟ್ಟು ಎಣಿಸಲು ಕೂತೆ.

ಹೆಸರನ್ನು ಬಿಟ್ಟು ಪ್ರತಿ ಸಾಲಿನ ಅಂಕಿಗಳನ್ನಷ್ಟೇ ಎಣಿಸಿದರೆ ಹಾರಂಗಿಗೆ ಆರು, ಹೇಮಾವತಿಗೆ ಏಳು, ಕೃಷ್ಣರಾಜ ಸಾಗರಕ್ಕೆ ಏಳು, ಕಬಿನಿಗೆ ಆರು ಸಿಗುತ್ತವೆ. ಶೀರ್ಷಿಕೆಯಲ್ಲಿ ಜಲಾಶಯದ ಹೆಸರು ಬಿಟ್ಟರೆ ಆರೇ ಕಾಲಮ್ಮು. ಹಾಗಾದರೆ ಆರು ಅಂಕಿಯ ಸಾಲುಗಳು ಸರಿ, ಏಳರವು ತಪ್ಪು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ನಿಜ ಅದಕ್ಕೆ ತಿರುಗಾಮುರುಗಾ. ಎರಡನೇ ಸಾಲಿನ ‘ನಿನ್ನೆ’, ‘ಇಂದು’ ಎಂಬೆರಡು ಪದ ನೋಡಿ. ಮೂಲದಲ್ಲಿ ‘ಸಂಗ್ರಹ’ ಎಂಬುದು ಎರಡು ಮನೆಗಳ ಮೇಲೆ ಅಗಲವಾಗಿ ಕೂತ ಶೀರ್ಷಿಕೆ. ಅದರ ಕೆಳಗೆ ನಿನ್ನೆಯದೊಂದು, ಇಂದಿನದೊಂದು ಕಾಲಮ್ಮು. ನಕಲಿನಲ್ಲಿ ಆ ಅಗಲ ಉಳಿಯುವುದಿಲ್ಲ, ಶೀರ್ಷಿಕೆ ಒಂದೇ ಮನೆಗೆ ಕುಗ್ಗುತ್ತದೆ. ಅಲ್ಲಿಂದ ಬಲಕ್ಕೆ ಇರುವ ಎಲ್ಲ ಹೆಸರುಗಳೂ ಒಂದು ಮನೆ ಎಡಕ್ಕೆ ಜರುಗುತ್ತವೆ. ಅಂದರೆ ಸಾಲಿಗೆ ಏಳು ಅಂಕಿಯೇ ಸರಿ; ಹಾರಂಗಿ ಮತ್ತು ಕಬಿನಿಯ ಸಾಲುಗಳಲ್ಲಿ ಒಂದೊಂದು ಮನೆ ಖಾಲಿಯಿದ್ದು, ಅಂಟಿಸುವಾಗ ಆ ಖಾಲಿ ಮನೆ ಮಾಯವಾಗಿದೆ.

ಇದನ್ನು ಹಾಗೆಯೇ ಎಕ್ಸೆಲ್‌ಗೆ ಹಾಕಿ, ಸ್ಪೇಸ್ ಇದ್ದಲ್ಲೆಲ್ಲ ಕತ್ತರಿಸು ಎಂದರೆ ಇನ್ನೊಂದು ಅವಾಂತರ. ‘ಕೃಷ್ಣರಾಜ’ ಒಂದು ಮನೆಗೆ, ‘ಸಾಗರ’ ಪಕ್ಕದ ಮನೆಗೆ ಹೋಗಿ ಆ ಸಾಲಿನ ಅಂಕಿಗಳೆಲ್ಲ ಒಂದೊಂದು ಮನೆ ಬಲಕ್ಕೆ ಸರಿಯುತ್ತವೆ. ಸ್ಪೇಸ್ ಬದಲು ಅಲ್ಪವಿರಾಮದಲ್ಲಿ ಕತ್ತರಿಸುವ ಸಿಎಸ್‌ವಿ ಕಡತ ಮಾಡಿದರೆ ಹಾನಿ ಇನ್ನೂ ಆಳ. ಹೇಮಾವತಿಯ ಒಳಹರಿವು 4,615 ಎಂಬುದು 4 ಮತ್ತು 615 ಎಂದು ಎರಡಾಗುತ್ತದೆ. ಒಳಕ್ಕೆ 4 ಕ್ಯುಸೆಕ್, ಹೊರಕ್ಕೆ 615 ಕ್ಯುಸೆಕ್ ಎಂದು ಓದಿದರೆ ಬೇಸಿಗೆಯ ದಿನವೊಂದರ ಅಂಕಿಯಂತೆ ಸಹಜವಾಗಿಯೇ ಕಾಣುತ್ತದೆ! ಆದ್ದರಿಂದ ಮೊದಲು ಸಾವಿರದ ಅಲ್ಪವಿರಾಮಗಳನ್ನು ತೆಗೆದೆ, ಹೆಸರಿನ ಎರಡು ಪದಗಳನ್ನು ಬೆಸೆದೆ, ಆಮೇಲೆ ಕತ್ತರಿಸಿದೆ.

ಉಳಿದದ್ದು ಎರಡು ಖಾಲಿ ಜಾಗ. ಅವು ಎಲ್ಲಿದ್ದವು?

ಮಾಯವಾದ ಮನೆಯ ಜಾಗಕ್ಕೆ ಅದರ ಬಲಗಡೆಯ ಅಂಕಿ ಬಂದು ಕೂರುತ್ತದೆ. ಹಾರಂಗಿಯಲ್ಲಿ ಅದು ಕಿರುಚಿ ಹೇಳುತ್ತದೆ: 6.60 ನಿನ್ನೆಯ ಸಂಗ್ರಹವಾಗಿ, 1,240 ಇಂದಿನ ಸಂಗ್ರಹವಾಗಿ ಕೂತಿದೆ. ತುಂಬಿದರೂ 8.50 ಟಿಎಂಸಿ ಹಿಡಿಯುವ ಹಾರಂಗಿಯಲ್ಲಿ 1,240 ಟಿಎಂಸಿ ಇರಲಾರದು. ಕಬಿನಿಯ ಸಾಲು ಮಾತ್ರ ಸದ್ದೇ ಮಾಡುವುದಿಲ್ಲ. ಒಳಹರಿವಿನ ಮನೆಯಲ್ಲಿ 2,000 ಇದೆ, ಹೊರಹರಿವು ಖಾಲಿ. ನೋಡಿದವರು ಗೇಟು ಮುಚ್ಚಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ನನಗೆ ಭಯ ಇಂಥ ತಪ್ಪಿನದೇ.

ಇಲ್ಲಿ ನೀರೇ ಸಾಕ್ಷಿ ಹೇಳುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ಸುಮಾರು 11,574 ಕ್ಯುಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ ನಿನ್ನೆಯಿಂದ ಇಂದಿಗೆ ಸಂಗ್ರಹ ಎಷ್ಟು ಏರಿತೋ ಅಷ್ಟು ಬರಬೇಕು. ಹೆಸರು A ಕಾಲಮ್ಮಿನಲ್ಲಿ, ನಿನ್ನೆ–ಇಂದಿನ ಸಂಗ್ರಹ E, F ಗಳಲ್ಲಿ, ಒಳ–ಹೊರಹರಿವು G, H ಗಳಲ್ಲಿ ಇದ್ದರೆ, ಹೇಮಾವತಿಯ ಸಾಲಿಗೆ ಈ ಸೂತ್ರ:

```
=F4-E4-(G4-H4)*86400/10^9
```

ಉತ್ತರ ಸೊನ್ನೆಯ ಆಸುಪಾಸಿನಲ್ಲಿದ್ದರೆ ಅಂಕಿಗಳು ತಮ್ಮ ತಮ್ಮ ಮನೆಯಲ್ಲಿವೆ. ಹೇಮಾವತಿಯಲ್ಲಿ 4,365 ಕ್ಯುಸೆಕ್ ಒಂದು ದಿನ ಉಳಿದರೆ 0.377 ಟಿಎಂಸಿ, ಸಂಗ್ರಹ ಏರಿದ್ದು 0.38. ಕೃಷ್ಣರಾಜ ಸಾಗರದಲ್ಲಿ ಉಳಿದದ್ದು 5,786 ಕ್ಯುಸೆಕ್, ಅದು 0.50 ಟಿಎಂಸಿ, ಏರಿದ್ದೂ 0.50. ಮೇಲೆ ಹೇಳಿದ 4 ಮತ್ತು 615ರ ತಪ್ಪು ಆಗಿದ್ದಿದ್ದರೆ ಹೇಮಾವತಿಯ ನೀರು ಇಳಿಯಬೇಕಿತ್ತು, ಆದರೆ ಏರಿದೆ. ಅಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ ಕಬಿನಿ. ಸಂಗ್ರಹ 17.55ರಿಂದ 17.90ಕ್ಕೆ, ಅಂದರೆ 0.35 ಟಿಎಂಸಿ ಏರಿದೆ. ಇದಕ್ಕೆ ದಿನವಿಡೀ ಸುಮಾರು 4,050 ಕ್ಯುಸೆಕ್ ಉಳಿಯಬೇಕು. ಒಳಹರಿವು 2,000 ಆಗಿದ್ದರೆ ಗೇಟನ್ನು ಪೂರ್ತಿ ಮುಚ್ಚಿದ್ದರೂ ಅಷ್ಟು ಏರಲು ಸಾಧ್ಯವಿಲ್ಲ. ಆದ್ದರಿಂದ 2,000 ಎಂಬುದು ಹೊರಹರಿವೇ. ಮಾಯವಾದದ್ದು ಒಳಹರಿವು; ಅದು 6,050ರ ಸುಮಾರಿಗೆ ಇದ್ದಿರಬೇಕು.

ಆ 6,050ನ್ನು ನಾನು ಮನೆಯೊಳಗೆ ಬರೆಯಲಿಲ್ಲ. ಸಂಗ್ರಹವನ್ನು ಎರಡು ದಶಾಂಶಕ್ಕೆ ದುಂಡು ಮಾಡಿದ್ದರಿಂದಲೇ ನೂರಕ್ಕೂ ಹೆಚ್ಚು ಕ್ಯುಸೆಕ್ ಆಚೀಚೆ ಆಗಬಹುದು. ಬಿಸಿಲಿಗೆ ಆವಿಯಾದದ್ದು ಇದರಲ್ಲಿಲ್ಲ. ಕೊಟ್ಟ ಹರಿವು 24 ಗಂಟೆಯ ಸರಾಸರಿಯಾಗಿರದೆ ಬೆಳಗಿನ ಒಂದು ಹೊತ್ತಿನದಾಗಿದ್ದರೆ ಮಳೆ ಜೋರಾದ ದಿನ ಈ ತಾಳೆಯೇ ಕೂಡುವುದಿಲ್ಲ. ಮನೆಯನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಬೇರೊಂದು ಕಾಲಮ್ಮು ತೆರೆದು ‘ಲೆಕ್ಕದಿಂದ ಅಂದಾಜು, ಸುಮಾರು 6,050’ ಎಂದು ಬರೆದೆ. ಅಳೆದ ಅಂಕಿಯೂ ಊಹಿಸಿದ ಅಂಕಿಯೂ ಒಂದೇ ಕಾಲಮ್ಮಿನಲ್ಲಿ ಬೆರೆತುಹೋದರೆ ನಾಳೆ ಅವನ್ನು ಬೇರ್ಪಡಿಸಲು ನನಗೇ ಆಗುವುದಿಲ್ಲ. ಖಾಲಿ ಮನೆಗೆ ಸೊನ್ನೆ ತುಂಬುವ ಅಭ್ಯಾಸವಂತೂ ಕೆಟ್ಟದ್ದು. ಒಳಹರಿವು ಸೊನ್ನೆ ಅಂದರೆ ನದಿ ಬತ್ತಿದೆ ಎಂದರ್ಥ.

ಹಾರಂಗಿಗೆ ಈ ದಾರಿ ಮುಚ್ಚಿತ್ತು. 1,240 ಮತ್ತು 800 ಹರಿವುಗಳೆಂದು ಗಾತ್ರದಿಂದಲೇ ಗೊತ್ತಾಯಿತು. ಉಳಿದ 6.60 ನಿನ್ನೆಯದೋ ಇಂದಿನದೋ? 440 ಕ್ಯುಸೆಕ್ ಉಳಿದರೆ ಏರುವುದು 0.04 ಟಿಎಂಸಿ. ನಿನ್ನೆ 6.60 ಇದ್ದರೆ ಇಂದು 6.64, ಇಂದು 6.60 ಇದ್ದರೆ ನಿನ್ನೆ 6.56. ಎರಡೂ ಒಪ್ಪುವಂಥವೇ. ಯಾವ ಮಟ್ಟಕ್ಕೆ ಎಷ್ಟು ಸಂಗ್ರಹ ಎಂಬ ಹಾರಂಗಿಯ ಪಟ್ಟಿ ಕೈಯಲ್ಲಿದ್ದರೆ 2851.30 ಅಡಿಯನ್ನು ಅದರಲ್ಲಿ ನೋಡಿ ತೀರ್ಮಾನಿಸಬಹುದಿತ್ತು. ಇರಲಿಲ್ಲ. ‘ನಿನ್ನೆಯದೋ ಇಂದಿನದೋ ತಿಳಿಯದು’ ಎಂದು ಬರೆದು ಬಿಟ್ಟೆ.

ಸರಿಪಡಿಸುವ ಉತ್ಸಾಹದಲ್ಲಿ ಮುಟ್ಟಬಾರದ ಅಂಕಿಯೂ ಒಂದಿತ್ತು. ಮೂರು ಜಲಾಶಯಗಳ ಮಟ್ಟ ಎರಡು ಸಾವಿರ ಅಡಿ ಮೀರಿರುವಾಗ ಕೃಷ್ಣರಾಜ ಸಾಗರದ್ದು ಮಾತ್ರ 124.80. ಏನೋ ಬಿಟ್ಟುಹೋಗಿದೆ ಎನ್ನಿಸುತ್ತದೆ. ಏನೂ ಬಿಟ್ಟಿಲ್ಲ. ಉಳಿದ ಮೂರನ್ನು ಸಮುದ್ರಮಟ್ಟದಿಂದ ಅಳೆದು ಹೇಳುತ್ತಾರೆ, ಕನ್ನಂಬಾಡಿ ಕಟ್ಟೆಯದನ್ನು ನದಿಯ ತಳದಿಂದ. ಕೃಷ್ಣಾ ಕಣಿವೆಯ ಪಟ್ಟಿಯಾದರೆ ಆಲಮಟ್ಟಿಯ ಎದುರು 519.60 ಇರುತ್ತದೆ, ಅದು ಮೀಟರು. ಇಂಥ ಕಾಲಮ್ಮಿನ ಸರಾಸರಿ ತೆಗೆದರೆ ಅಂಕಿ ಬರುತ್ತದೆ, ಅರ್ಥ ಬರುವುದಿಲ್ಲ.

ಸಾಲುಗಳೆಲ್ಲ ತಮ್ಮ ಜಾಗಕ್ಕೆ ಬಂದಮೇಲೆ ನಾಲ್ಕರ ಇಂದಿನ ಸಂಗ್ರಹ ಕೂಡಿಸಿ ನೋಡಿದೆ. ಒಟ್ಟು ಸಾಮರ್ಥ್ಯ 114.57 ಟಿಎಂಸಿ, ಸಂಗ್ರಹ 82.50. ಹಾರಂಗಿಯಲ್ಲಿ 6.64 ಇದ್ದರೆ 82.54. ಎರಡರಲ್ಲಿ ಯಾವುದಾದರೂ ಶೇಕಡಾ 72. ಕಣಿವೆ ಎಷ್ಟು ತುಂಬಿದೆ ಎಂಬುದು ಪ್ರಶ್ನೆಯಾದರೆ ಹಾರಂಗಿಯ ಅನುಮಾನ ಲೆಕ್ಕಕ್ಕೇ ಬರುವುದಿಲ್ಲ. ಹಾರಂಗಿ ನಿನ್ನೆಯಿಂದ ಇಂದಿಗೆ ಎಷ್ಟು ಏರಿತು ಎಂಬುದು ಪ್ರಶ್ನೆಯಾದರೆ ಅದೇ ಎಲ್ಲ. ಯಾವ ಪ್ರಶ್ನೆ ಎಂದು ನನಗೆ ಗೊತ್ತಿರಲಿಲ್ಲ. ಸರಿಪಡಿಸಿದ ಕೋಷ್ಟಕವನ್ನು ಭಾವನಿಗೆ ಕಳಿಸಿ, “ಭಾವ, ನೀವು ಕಳಿಸಿದ್ದು ಇದೇ ತಾನೆ? ಹಾರಂಗಿಯದೂ ಕಬಿನಿಯದೂ ಒಂದೊಂದು ಮನೆ ಖಾಲಿ ಇದೆಯಾ ನೋಡಿ. ನಿಮಗೆ ಏನು ತಿಳೀಬೇಕಿತ್ತು?” ಎಂದು ಕೇಳಿದೆ.

ಸ್ವಲ್ಪ ಹೊತ್ತಿಗೆ ಅವರು ಮೂಲದ ಫೋಟೊ ಕಳಿಸಿದರು. ಹಾರಂಗಿಯ ನಿನ್ನೆಯ ಸಂಗ್ರಹ ಖಾಲಿ, ಕಬಿನಿಯ ಒಳಹರಿವು ಖಾಲಿ. ಆಮೇಲೆ ಫೋನ್ ಬಂತು. “ಅದೆಲ್ಲ ಇರ್ಲಿ, ವಿ.ಸಿ. ನಾಲೆಗೆ ನೀರು ಬಿಡೋ ಹಂಗಿದ್ಯಾ? ಒಟ್ಲು ಹಾಕ್ಲೋ ಬೇಡ್ವೋ?”

ವಿಶ್ವೇಶ್ವರಯ್ಯ ನಾಲೆಗೆ ನೀರು ಬರುವುದು ಕಟ್ಟೆಯಿಂದ. ಹಾರಂಗಿ, ಹೇಮಾವತಿಗಳ ನೀರು ಅದರೊಳಕ್ಕೆ ಬರುತ್ತದೆ. ಕಬಿನಿ ಕಾವೇರಿಯನ್ನು ಸೇರುವುದು ಕಟ್ಟೆಯಿಂದ ಎಷ್ಟೋ ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ. ನಾನು ಅಷ್ಟು ಜತನದಿಂದ ಬಿಡಿಸಿದ ಕಬಿನಿಯ ಸಾಲಿಗೂ ಭಾವನ ಗದ್ದೆಗೂ ಸಂಬಂಧವಿರಲಿಲ್ಲ. ಅವರಿಗೆ ಬೇಕಾದದ್ದು ಕಟ್ಟೆಯ ಒಂದು ಸಾಲು, ಮತ್ತೆ ಕೋಷ್ಟಕದಲ್ಲಿ ಇಲ್ಲದ ಎರಡು ಸಂಗತಿ. ಒಂದು, 49.45 ಟಿಎಂಸಿಯಲ್ಲಿ ಬಳಕೆಗೆ ಸಿಗುವುದು ಸುಮಾರು 45; ತಳದ ನೀರು ನಾಲೆಗೆ ಹತ್ತುವುದಿಲ್ಲ. ಹಾಗಾಗಿ 32.60ರಲ್ಲಿ ಕೈಗೆ ಸಿಗುವುದು 28ರ ಸುಮಾರು. ಇನ್ನೊಂದು, ಅದರಲ್ಲಿ ಕುಡಿಯುವ ನೀರಿಗೆ, ತಮಿಳುನಾಡಿಗೆ ತಿಂಗಳವಾರು ಬಿಡಬೇಕಾದ ಪಾಲಿಗೆ ತೆಗೆದಿಟ್ಟ ಮೇಲೆ ನಾಲೆಗೆ ಎಷ್ಟು, ಯಾವಾಗ ಎಂಬ ನೀರಾವರಿ ಸಲಹಾ ಸಮಿತಿಯ ತೀರ್ಮಾನ.

ಇಷ್ಟನ್ನೂ ಭಾವನಿಗೆ ಹೇಳಿದೆ. ಬಿತ್ತನೆ ಭತ್ತವನ್ನು ನೆನೆಹಾಕದೆ ಹಾಗೇ ಇಟ್ಟುಕೊಳ್ಳುವುದಾಗಿ ಅವರೆಂದರು. ಸಮಿತಿಯ ಸಭೆ ಯಾವತ್ತು ಎಂದು ತಿಳಿದ ಕೂಡಲೇ ಫೋನ್ ಮಾಡಲು ಹೇಳಿ ಇಟ್ಟರು.