ಜಿರಳೆಗೆ ಮೊದಲು ಹಸಿವಾಗಲಿ, ಔಷಧ ಆಮೇಲೆ

ತುಮಕೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಒಂದು ಬೆಳಿಗ್ಗೆ ಅವಲಕ್ಕಿ ಒಗ್ಗರಣೆಗೆ ಡಬ್ಬಿ ತೆಗೆದರೆ ಸೀಮೆಎಣ್ಣೆಯಂಥ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಿಂದಿನ ರಾತ್ರಿ ಜಿರಳೆ ಕಾಟ ತಾಳಲಾರದೆ ಅಕ್ಕ ಕಟ್ಟೆಯ ಮೇಲೆ, ಕಪಾಟಿನ ಒಳಗೆ, ಗ್ಯಾಸ್ ಒಲೆಯ ಕೆಳಗೆ ಎಲ್ಲ ಕಡೆ ಸ್ಪ್ರೇ ಹೊಡೆದು ಮಲಗಿದ್ದಳು. ಅವಲಕ್ಕಿ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಎರಡು ಕೆ.ಜಿ. ಅವಲಕ್ಕಿ ಗುಂಡಿಗೆ ಹೋಯಿತು. ಜಿರಳೆ ಮಾತ್ರ ಎಂಟೇ ದಿನದಲ್ಲಿ ಮತ್ತೆ ಹಾಜರ್.

ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ. ಔಷಧ ಆಹಾರ ಇರುವ ಕಡೆ ಬೀಳುತ್ತದೆ, ಕೀಟ ಇರುವ ಕಡೆ ಬೀಳುವುದಿಲ್ಲ. ಆ ಅಡುಗೆಮನೆಯನ್ನೂ ಪಕ್ಕದ ಉಗ್ರಾಣವನ್ನೂ ನಾವು ಆರು ವಾರದಲ್ಲಿ ಹೇಗೆ ಹತೋಟಿಗೆ ತಂದೆವು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಎಣಿಸಿ ನೋಡಿ

ಅಂಗಡಿಯಲ್ಲಿ ಜಿರಳೆ ಹಿಡಿಯುವ ಅಂಟು ಹಾಳೆ ಸಿಗುತ್ತದೆ. ಇದರಿಂದ ಜಿರಳೆ ನಿರ್ಮೂಲ ಆಗುವುದಿಲ್ಲ, ಆದರೆ ಅವು ಎಲ್ಲಿವೆ ಎಂದು ತಿಳಿಯುತ್ತದೆ. ನಾವು ನಾಲ್ಕು ಹಾಳೆಗಳನ್ನು ಫ್ರಿಜ್ ಹಿಂದೆ, ಸಿಂಕ್ ಕೆಳಗೆ, ಒಲೆಯ ಪಕ್ಕ ಮತ್ತು ಉಗ್ರಾಣದಲ್ಲಿ ಗೋಡೆಗೆ ತಾಗಿಸಿ ಇಟ್ಟು ಮೂರು ರಾತ್ರಿ ಬಿಟ್ಟೆವು. ಫ್ರಿಜ್ ಹಿಂದಿನ ಹಾಳೆಯಲ್ಲಿ ಇಪ್ಪತ್ತಮೂರು, ಸಿಂಕ್ ಕೆಳಗೆ ಒಂಬತ್ತು, ಒಲೆಯ ಪಕ್ಕ ಎರಡು ಸಿಕ್ಕವು. ಉಗ್ರಾಣದಲ್ಲಿ ಒಂದೂ ಇಲ್ಲ. ಅಕ್ಕ ಅತಿ ಹೆಚ್ಚು ಸ್ಪ್ರೇ ಹೊಡೆದಿದ್ದು ಒಲೆಯ ಸುತ್ತ. ಜಿರಳೆಗಳ ಊರು ಇದ್ದದ್ದು ಫ್ರಿಜ್ಜಿನ ಮೋಟಾರಿನ ಬಿಸಿಯಲ್ಲಿ.

ಹಾಳೆಗೆ ಅಂಟಿದ್ದು ಯಾವ ಜಿರಳೆ ಎಂದೂ ನೋಡಬೇಕು. ಒಂದೂವರೆ ಸೆಂಟಿಮೀಟರ್ ಮೀರದ, ತಿಳಿಕಂದು ಬಣ್ಣದ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುವುದು ಜರ್ಮನ್ ಜಿರಳೆ. ಅದು ಅಡುಗೆಮನೆಯಲ್ಲೇ ಹುಟ್ಟಿ ಅಲ್ಲೇ ಬೆಳೆಯುತ್ತದೆ. ನಾಲ್ಕು ಸೆಂಟಿಮೀಟರ್‌ವರೆಗೆ ಬೆಳೆಯುವ ಕೆಂಗಂದು ಬಣ್ಣದ ದೊಡ್ಡ ಜಿರಳೆ ಸಾಮಾನ್ಯವಾಗಿ ಚರಂಡಿಯಿಂದ, ಬಚ್ಚಲಿನ ಪೈಪಿನಿಂದ ಬರುತ್ತದೆ. ಅದಕ್ಕೆ ರಾತ್ರಿ ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಜಾಲರಿ ಮುಚ್ಚಿದರೆ ಅರ್ಧ ಕೆಲಸ ಮುಗಿದಂತೆ. ಅಕ್ಕನ ಮನೆಯದು ಮೊದಲನೆಯ ಜಾತಿ, ಹೆಚ್ಚು ಹಟಮಾರಿ.

ಜೆಲ್ ಕೆಲಸ ಮಾಡುವುದು ಹಸಿದ ಜಿರಳೆಯ ಮೇಲೆ

ಸ್ಪ್ರೇ ತಗಲಿದ ಜಿರಳೆ ಸಾಯುತ್ತದೆ, ನಿಜ. ಆದರೆ ವಾಸನೆ ತಾಗಿದ ಉಳಿದವು ಇನ್ನೊಂದು ಸಂದಿಗೆ ಚದುರುತ್ತವೆ. ಹೆಣ್ಣು ಜಿರಳೆ ಮೂವತ್ತು ನಲವತ್ತು ಮೊಟ್ಟೆಗಳಿರುವ ಒಂದು ಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಹೊಟ್ಟೆಯ ತುದಿಯಲ್ಲೇ ಹೊತ್ತು ತಿರುಗುತ್ತದೆ. ಚೀಲದ ಗಟ್ಟಿ ಸಿಪ್ಪೆಯೊಳಗೆ ಔಷಧ ಇಳಿಯುವುದು ಕಷ್ಟ. ಎಂಟು ದಿನಕ್ಕೆ ಮತ್ತೆ ಜಿರಳೆ ಕಂಡದ್ದು ಇದರಿಂದಲೇ.

ಅದಕ್ಕೆ ನಾವು ಸ್ಪ್ರೇ ಬಿಟ್ಟು ಜೆಲ್ ತಂದೆವು. ಸಿರಿಂಜಿನಲ್ಲಿ ಬರುವ ಈ ಜೆಲ್‌ನಲ್ಲಿ ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಎಂಬ ವಿಷ ಸಿಹಿ ತಿನಿಸಿನಲ್ಲಿ ಬೆರೆತಿರುತ್ತದೆ. ತಿಂದ ಜಿರಳೆ ಕೂಡಲೇ ಸಾಯದೆ ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನೋ ಹೆಣವನ್ನೋ ತಿಂದ ಮರಿಗಳೂ ಸಾಯುತ್ತವೆ. ಗಾಳಿಯಲ್ಲಿ ಏನೂ ಹರಡುವುದಿಲ್ಲ, ಡಬ್ಬಿಗೆ ವಾಸನೆ ಇಳಿಯುವುದಿಲ್ಲ.

ಹೆಸರುಕಾಳಿನಷ್ಟು ಸಣ್ಣ ಚುಕ್ಕೆ ಸಾಕು. ಒಂದು ಕಡೆ ದೊಡ್ಡ ಮುದ್ದೆ ಹಾಕುವುದಕ್ಕಿಂತ ಹತ್ತು ಕಡೆ ಸಣ್ಣ ಚುಕ್ಕೆ ಹಾಕುವುದು ಮೇಲು. ಫ್ರಿಜ್ ಹಿಂಭಾಗದ ತಳದ ಅಂಚು, ಕಪಾಟಿನ ಬಾಗಿಲ ತಿರುಗಣೆಯ ಒಳಮೂಲೆ, ಸಿಂಕ್ ಪೈಪು ಗೋಡೆ ಸೇರುವ ಜಾಗ, ಕಟ್ಟೆಯ ಕಲ್ಲಿನ ಅಡಿಯ ಸಂದು, ಹೀಗೆ ಕೈ, ಪಾತ್ರೆ, ಮಕ್ಕಳು ಮುಟ್ಟದ ಕಡೆ ಮಾತ್ರ ಹಾಕಬೇಕು. ತರಕಾರಿ ಹೆಚ್ಚುವ ಕಟ್ಟೆಯ ಮೇಲೆ, ಡಬ್ಬಿ ಜೋಡಿಸುವ ಹಲಗೆಯ ಮೇಲೆ ಒಂದು ಚುಕ್ಕೆಯೂ ಬೇಡ. ಚುಕ್ಕೆ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆಯಬಾರದು, ಫಿನಾಯಿಲ್‌ನಲ್ಲಿ ಒರೆಸಲೂಬಾರದು. ವಾಸನೆಗೆ ಜಿರಳೆ ಜೆಲ್ ಮುಟ್ಟುವುದಿಲ್ಲ.

ಬಹಳ ಮಂದಿ ಜೆಲ್ ಹಾಕಿಯೂ ಪ್ರಯೋಜನವಿಲ್ಲ ಎನ್ನುವುದಕ್ಕೆ ಕಾರಣ ಬೇರೆ ಇದೆ. ರಾತ್ರಿ ಸಿಂಕ್‌ನಲ್ಲಿ ಮುಸುರೆ ಪಾತ್ರೆ, ಒಲೆಯ ಕೆಳಗೆ ಚೆಲ್ಲಿದ ಹಾಲಿನ ಕಲೆ, ಬುಟ್ಟಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಇದ್ದರೆ ಜಿರಳೆ ಜೆಲ್ ಕಡೆಗೇಕೆ ಬಂದೀತು? ಮನೆಯಲ್ಲಿ ಅದಕ್ಕೆ ಸಿಗುವ ತಿನಿಸು ಜೆಲ್ ಒಂದೇ ಆಗಿರಬೇಕು. ಹಾಗಾಗಿ ಅಕ್ಕ ಮಲಗುವ ಮುನ್ನ ಹತ್ತು ನಿಮಿಷದ ಕೆಲಸವೊಂದನ್ನು ರೂಢಿಸಿಕೊಂಡಳು. ಪಾತ್ರೆ ತೊಳೆದು ಬೋರಲು ಹಾಕುವುದು, ಸಿಂಕ್ ಒಣಬಟ್ಟೆಯಲ್ಲಿ ಒರೆಸುವುದು, ಒಲೆ ಎತ್ತಿ ಕೆಳಗೆ ಒರೆಸುವುದು, ಹಸಿ ಕಸ ಹೊರಗಿಡುವುದು. ಸಿಂಕ್ ಒರೆಸುವುದನ್ನು ತಪ್ಪಿಸಬೇಡಿ, ಈ ಜಿರಳೆ ಆಹಾರವಿಲ್ಲದೆ ಇರುವಷ್ಟು ದಿನ ನೀರಿಲ್ಲದೆ ಇರಲಾರದು. ಫ್ರಿಜ್ ಹಿಂದೆ ನೀರು ತೊಟ್ಟಿಕ್ಕುವ ತಟ್ಟೆಯೊಂದು ಇರುತ್ತದೆ, ಅದನ್ನು ವಾರಕ್ಕೊಮ್ಮೆ ಖಾಲಿ ಮಾಡಿ ತೊಳೆಯಬೇಕು.

ಎರಡು ವಾರ ಬಿಟ್ಟು ತಿಂದು ಮುಗಿದ ಕಡೆ, ಒಣಗಿದ ಕಡೆ ಹೊಸ ಚುಕ್ಕೆ ಹಾಕಿದೆವು. ನಾಲ್ಕನೇ ವಾರ ಮತ್ತೊಮ್ಮೆ. ಮೊದಲ ಸುತ್ತಿನಲ್ಲಿ ಚೀಲದೊಳಗಿದ್ದ ಮೊಟ್ಟೆಗಳು ಅಷ್ಟರಲ್ಲಿ ಮರಿಗಳಾಗಿ ಹೊರಬಂದಿರುತ್ತವೆ. ಆರನೇ ವಾರ ಅಂಟು ಹಾಳೆ ಮತ್ತೆ ಅದೇ ಜಾಗಗಳಲ್ಲಿ ಇಟ್ಟಾಗ ಫ್ರಿಜ್ ಹಿಂದೆ ಒಂದು ಮರಿ, ಉಳಿದೆಡೆ ಖಾಲಿ. ಒಂದೇ ಗೋಡೆ ಹಂಚಿಕೊಂಡ ವಠಾರದಲ್ಲಿ, ಒಂದೇ ಪೈಪಿನ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ನೆರೆಯವರೂ ಜೊತೆಗೇ ಮಾಡದೆ ಹೋದರೆ ಈ ಫಲ ನಿಲ್ಲುವುದಿಲ್ಲ.

ಉಗ್ರಾಣದಲ್ಲಿ ರಂಗೋಲಿ ಪುಡಿ

ಉಗ್ರಾಣದ ಅಂಟು ಹಾಳೆ ಖಾಲಿ ಇತ್ತು, ಆದರೆ ರಾಗಿ ಮೂಟೆಯ ಹಿಂದೆ ಅಕ್ಕಿಕಾಳಿನಷ್ಟೇ ಉದ್ದದ ಕಪ್ಪು ಹಿಕ್ಕೆ ಬಿದ್ದಿತ್ತು. ಅದು ಚಿಟ್ಟಿಲಿಯದು. ದೊಡ್ಡ ಇಲಿಯ ಹಿಕ್ಕೆ ಒಂದು ಸೆಂಟಿಮೀಟರಿಗಿಂತ ಉದ್ದ ಇರುತ್ತದೆ. ಹೊಸ ಹಿಕ್ಕೆ ಮೆತ್ತಗೆ ಹೊಳೆಯುತ್ತದೆ, ಹಳೆಯದು ಬೂದಿಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುತ್ತದೆ. ಓಡಾಟದ ದಾರಿ ಹಿಡಿಯಲು ಅಕ್ಕ ಒಂದು ಉಪಾಯ ಮಾಡಿದಳು. ಧಾನ್ಯದಿಂದ ದೂರ, ಗೋಡೆಯ ಬುಡದಲ್ಲಿ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದಳು. ಬೆಳಿಗ್ಗೆ ಪುಟ್ಟ ಹೆಜ್ಜೆಗಳ ಸಾಲು ಬಾಗಿಲ ಮೂಲೆಯಿಂದ ಮೂಟೆಯವರೆಗೆ ಬಿದ್ದಿತ್ತು.

ಬಾಗಿಲ ಮೂಲೆಯಲ್ಲಿ ನೀರಿನ ಪೈಪು ಹೊರಹೋಗುವ ಕಡೆ ಬೆರಳು ತೂರದಂಥ ಸಂದು ಇತ್ತು. ಇಷ್ಟರಲ್ಲಿ ಇಲಿ ಹೇಗೆ ಬಂದೀತು ಎನ್ನಬೇಡಿ. ಪೆನ್ಸಿಲ್ ತೂರುವ ಸಂದಿನಲ್ಲಿ ಚಿಟ್ಟಿಲಿ ತೂರುತ್ತದೆ. ಬಟ್ಟೆ, ರಟ್ಟು, ಥರ್ಮಾಕೋಲ್ ತುರುಕಿದರೆ ಕಡಿದು ಹಾಕುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಬಿಗಿಯಾಗಿ ತುಂಬಿ ಮೇಲೆ ಸಿಮೆಂಟ್ ಮೆತ್ತಿದೆವು. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸಿದೆವು. ಮೂಟೆಗಳನ್ನು ನೆಲದಿಂದ ಗೇಣೆತ್ತರದ ಹಲಗೆಗೆ ಏರಿಸಿ, ಗೋಡೆಯಿಂದ ಒಂದು ಮೊಳ ದೂರ ಸರಿಸಿದೆವು. ಬಿಡಿ ಧಾನ್ಯ ತಗಡಿನ ಡಬ್ಬಿ ಸೇರಿತು. ಈಗ ಗುಡಿಸಲೂ ಸುಲಭ, ಟಾರ್ಚ್ ಬಿಟ್ಟು ನೋಡಲೂ ಸುಲಭ.

ಒಳಗೆ ಉಳಿದವಕ್ಕೆ ಚಾಪು ಬೀಳುವ ಇಲಿಬೋನು ಸಾಕು. ಒಂದಲ್ಲ, ಏಕಕಾಲಕ್ಕೆ ನಾಲ್ಕು. ಚಿಟ್ಟಿಲಿ ತನ್ನ ಗೂಡಿನಿಂದ ಕೆಲವೇ ಮಾರು ದೂರ ಓಡಾಡುವ ಪ್ರಾಣಿ, ಬೋನುಗಳು ಅದರ ದಾರಿಯಲ್ಲೇ ಇರಬೇಕು. ಆಹಾರ ಸಿಕ್ಕಿಸುವ ತುದಿ ಗೋಡೆಯ ಕಡೆಗಿರಲಿ, ಏಕೆಂದರೆ ಇಲಿ ಗೋಡೆಯ ಬುಡ ಹಿಡಿದೇ ಓಡುತ್ತದೆ. ಕಡಲೆಕಾಯಿಬೀಜದ ಪುಡಿಗೆ ಬೆಲ್ಲ ಕಲಸಿ ಕಾಳಿನಷ್ಟು ಮೆತ್ತಿದರೆ ಆಯಿತು. ದೊಡ್ಡ ಇಲಿ ಹೊಸ ವಸ್ತುವಿಗೆ ಹೆದರುತ್ತದೆ. ಅದಕ್ಕಾದರೆ ನಾಲ್ಕೈದು ದಿನ ಬೋನನ್ನು ಹೂಡದೆ ಬರೀ ತಿನಿಸಿಟ್ಟು ಅಭ್ಯಾಸ ಮಾಡಿಸಬೇಕು. ಅಕ್ಕನ ಮನೆಯಲ್ಲಿ ಮೂರು ರಾತ್ರಿಯಲ್ಲಿ ಐದು ಚಿಟ್ಟಿಲಿ ಬಿದ್ದವು. ಆಮೇಲೆ ರಂಗೋಲಿ ಪುಡಿ ಕೆಡಲಿಲ್ಲ.

ಪಾಷಾಣ ಬೇಡ ಎಂದು ನಾನು ಹಟ ಹಿಡಿದೆ. ಇಲಿ ಪಾಷಾಣದ ತುಂಡನ್ನು ಕಚ್ಚಿಕೊಂಡು ಹೋಗಿ ಧಾನ್ಯದ ಮೂಟೆಯಲ್ಲೇ ಬಚ್ಚಿಡಬಲ್ಲದು. ಕೆಲವು ದಿನದ ಮೇಲೆ ಅಟ್ಟದ ಸಂದಿಯಲ್ಲಿ ಸತ್ತು ನಾರುತ್ತದೆ, ಆ ಹೆಣಕ್ಕೆ ನೊಣ ಮುತ್ತುತ್ತದೆ. ಟೂತ್‌ಪೇಸ್ಟಿನಂತೆ ಕಾಣುವ ಹಳದಿ ರಂಜಕದ ಪೇಸ್ಟಿಗೆ ಪ್ರತಿವಿಷವೇ ಇಲ್ಲ. ಮೂಟೆಗಳ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತೇವ ತಾಗಿದರೆ ವಿಷಾನಿಲ ಬಿಡುತ್ತದೆ. ಮುಚ್ಚಿದ ಮನೆಯಲ್ಲಿ ಅದು ಮಲಗಿದವರ ಜೀವ ತೆಗೆಯುತ್ತದೆ. ಇದು ಮನೆಬಳಕೆಗೆ ಕೊಳ್ಳುವ ವಸ್ತುವೇ ಅಲ್ಲ.

ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗವಸು ಹಾಕಿ ಕಾಗದದಲ್ಲಿ ಒರೆಸಿ ತೆಗೆಯಿರಿ. ಇಲಿ ಜ್ವರ ಹರಡುವುದು ಇಲಿಯ ಉಚ್ಚೆಯಿಂದ. ಹಿಕ್ಕೆ ಬೆರೆತ ಧಾನ್ಯವನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡ.

ನೊಣಕ್ಕೆ ಔಷಧವೇ ಬೇಡ

ನೊಣದ ಲೆಕ್ಕ ದಿನಗಳ ಲೆಕ್ಕ. ಹಸಿ ಕಸದಲ್ಲಿ ಇಟ್ಟ ಮೊಟ್ಟೆ ಒಂದು ದಿನದೊಳಗೆ ಹುಳುವಾಗುತ್ತದೆ, ಬೇಸಿಗೆಯ ಬಿಸಿಲಿಗೆ ಎಂಟು ಹತ್ತು ದಿನದಲ್ಲಿ ನೊಣವಾಗಿ ಹಾರುತ್ತದೆ. ಹಸಿ ಕಸ ದಿನವೂ ಹೋದರೆ, ಬುಟ್ಟಿಯನ್ನು ತೊಳೆದು ಬಿಸಿಲಿಗೆ ಒಣಗಿಸಿದರೆ ನಿಮ್ಮ ಮನೆಯಲ್ಲಿ ನೊಣ ಹುಟ್ಟುವ ದಾರಿ ಮುಚ್ಚಿತು. ಹೊರಗಿನಿಂದ ಬರುವುದಕ್ಕೆ ಕಿಟಕಿಗೆ ಜಾಲರಿ, ಊಟದ ಪಾತ್ರೆಗೆ ಮುಚ್ಚಳ. ನೊಣ ಗಟ್ಟಿ ತಿನಿಸಿನ ಮೇಲೆ ತನ್ನ ಹೊಟ್ಟೆಯ ರಸ ಕಕ್ಕಿ, ಕರಗಿಸಿ ಹೀರುತ್ತದೆ. ಆರಲು ಬಿಟ್ಟ ಅನ್ನದ ಮೇಲೆ ಅದು ಕೂರುವುದನ್ನು ತಡೆಯಲು ತೆಳುಬಟ್ಟೆ ಹೊದಿಸಿ, ಸ್ಪ್ರೇ ಮುಟ್ಟಬೇಡಿ.

ಹಣ್ಣಿನ ಬುಟ್ಟಿಯ ಸುತ್ತ ಹಾರುವ ಸಣ್ಣ ನೊಣಗಳಿಗೆ ಲೋಟದಲ್ಲಿ ಸ್ವಲ್ಪ ವಿನೆಗರ್, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಇಟ್ಟರೆ ಅವು ಅದರಲ್ಲಿ ಮುಳುಗುತ್ತವೆ. ಮಾಗಿ ಒಡೆದ ಹಣ್ಣನ್ನು ತೆಗೆಯದಿದ್ದರೆ ಮಾತ್ರ ಎಷ್ಟು ಲೋಟ ಇಟ್ಟರೂ ಮುಗಿಯುವುದಿಲ್ಲ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುವುದಾದರೆ ಯಾವ ಔಷಧ ಎಂದು ಹೆಸರು ಕೇಳಿ, ಪರವಾನಗಿ ನೋಡಿ, ಅಡುಗೆಮನೆಗೆ ಜೆಲ್ ಮಾತ್ರ ಸಾಕು ಎನ್ನಿ. ಸ್ಪ್ರೇ ಮಾಡಲೇಬೇಕಾಗಿ ಬಂದರೆ ಧಾನ್ಯ, ಪಾತ್ರೆ, ಕುಡಿಯುವ ನೀರು ಎಲ್ಲವನ್ನೂ ಮೊದಲು ಹೊರಗೆ ಸಾಗಿಸಿ. ಕಟ್ಟೆಯನ್ನು ಸೋಪುನೀರಲ್ಲಿ ತೊಳೆದ ಮೇಲಷ್ಟೇ ಅಡುಗೆ. ಯಾವ ಔಷಧವನ್ನೂ ಹಳೆಯ ಮಸಾಲೆ ಡಬ್ಬಿಗೆ ಸುರಿದು ಇಡಬೇಡಿ. ಅಕಸ್ಮಾತ್ ಯಾರ ಬಾಯಿಗಾದರೂ ಹೋದರೆ ವಾಂತಿ ಮಾಡಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ, ಔಷಧದ ಪೊಟ್ಟಣವನ್ನೂ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ಮೊದಲು ಬೇಕಾಗುವುದು ಅದರ ಮೇಲೆ ಬರೆದಿರುವ ಹೆಸರು.