ಮಾತು ಮೆದು, ಕೆಲಸ ಸ್ಪಷ್ಟ

ಸಹೋದ್ಯೋಗಿಗೆ ಕೆಲಸ ಹೇಳಿ ಕಳಿಸುವ ಸಂದೇಶದಲ್ಲಿ ಎರಡು ಭಾಗಗಳಿರುತ್ತವೆ. ಯಾವ ಕೆಲಸ, ಯಾರು ಮಾಡಬೇಕು, ಯಾವಾಗಿನೊಳಗೆ ಎಂಬುದು ಒಂದು. ಓದುವವರನ್ನು ಬರೆದವರು ಹೇಗೆ ಕಾಣುತ್ತಾರೆ ಎಂಬುದು ಇನ್ನೊಂದು. ಸಂದೇಶ ಒರಟಾಗುವುದು ಎರಡನೆಯ ಭಾಗ ಕೆಟ್ಟಾಗ. ಅದನ್ನು ತಿದ್ದಲು ಹೊರಟವರು ಹೆಚ್ಚಾಗಿ ಮೊದಲನೆಯ ಭಾಗಕ್ಕೆ ಕೈಹಾಕುತ್ತಾರೆ. ದಿನಾಂಕ ತೆಗೆದು ‘ಬಿಡುವಾದಾಗ’ ಎನ್ನುತ್ತಾರೆ, ‘ಸರಿಪಡಿಸಿ’ ಎನ್ನುವ ಬದಲು ‘ಒಮ್ಮೆ ನೋಡಿ’ ಎನ್ನುತ್ತಾರೆ. ಓದಿದವರಿಗೆ ಬೇಸರವೇನೋ ಆಗುವುದಿಲ್ಲ, ಆದರೆ ಕೆಲಸವೂ ಆಗುವುದಿಲ್ಲ.

ಮಾತಿನ ವಿನಯವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರು ಇದನ್ನು ‘ಮುಖ’ ಎಂಬ ಕಲ್ಪನೆಯಿಂದ ವಿವರಿಸುತ್ತಾರೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರ ಪ್ರಬಂಧವೊಂದರಲ್ಲಿ ಈ ಕಲ್ಪನೆಯನ್ನು ಬೆಳೆಸಿದರು. ನಾಲ್ಕು ಜನರ ನಡುವೆ ಪ್ರತಿಯೊಬ್ಬರೂ ಉಳಿಸಿಕೊಳ್ಳಲು ನೋಡುವ ಮರ್ಯಾದೆಯೇ ಈ ಮುಖ. ಮುಖಭಂಗ, ಮುಖ ಉಳಿಸಿಕೊಳ್ಳುವುದು ಎಂದು ಕನ್ನಡಿಗರು ಹೇಳುವುದೂ ಇದನ್ನೇ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಭಾಷಾ ಸಂಶೋಧಕರು 1978ರಲ್ಲಿ ಇದನ್ನು ಮುಂದುವರಿಸಿದರು. ಅವರು ಮುಖ್ಯವಾಗಿ ಆಧರಿಸಿದ್ದು ಮೂರು ಭಾಷೆಗಳನ್ನು: ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ತಾಲ್ ಮತ್ತು ನಮ್ಮ ನೆರೆಯ ತಮಿಳು. ಅವರ ಪ್ರಕಾರ ಕೆಲಸ ಹೇಳುವುದೇ ಎದುರಿನವರ ಸ್ವಾತಂತ್ರ್ಯದ ಮೇಲೆ ಒಂದು ಸಣ್ಣ ಒತ್ತಡ. ಅದನ್ನು ಹೇಳಲು ನಾಲ್ಕು ದಾರಿಗಳಿವೆ: ನೇರವಾಗಿ ಹೇಳಿಬಿಡುವುದು, ಸಲಿಗೆ ತೋರಿಸಿ ಹೇಳುವುದು, ತೊಂದರೆ ಕೊಡುತ್ತಿದ್ದೇವೆಂಬ ಸಂಕೋಚ ತೋರಿಸಿ ಹೇಳುವುದು, ಹೇಳದೆಯೇ ಸುಳಿವು ಕೊಡುವುದು.

ಮೊದಲ ಮೂರರಲ್ಲೂ ಕೋರಿಕೆ ಮಾತಿನಲ್ಲೇ ಇರುತ್ತದೆ. ನಾಲ್ಕನೆಯದರಲ್ಲಿ ಕೋರಿಕೆಯನ್ನು ಕೇಳುವವರೇ ಊಹಿಸಿಕೊಳ್ಳಬೇಕು. ‘ಶೀಟ್ ಇನ್ನೂ ಬಂದ ಹಾಗಿಲ್ಲ’ ಎಂಬ ಮಾತು ದೂರೋ, ಮಾಹಿತಿಯೋ, ಕಳಿಸಿ ಎಂಬ ಕೋರಿಕೆಯೋ ಎಂದು ತೀರ್ಮಾನಿಸುವ ಹೊಣೆ ಓದುವವರ ಮೇಲೆ ಬೀಳುತ್ತದೆ. ಬರೆದವರಿಗೆ ‘ನಾನು ಒತ್ತಾಯ ಮಾಡಲಿಲ್ಲ’ ಎನ್ನುವ ಅವಕಾಶ ಉಳಿಯುತ್ತದೆ. ಓದಿದವರಿಗೂ ‘ನೀವು ಕೇಳಲೇ ಇಲ್ಲ’ ಎನ್ನುವ ಅವಕಾಶ ಅಷ್ಟೇ ಇರುತ್ತದೆ. ಮೆದು ಮಾತು ಅಸ್ಪಷ್ಟವಾಗುವುದು ಹೀಗೆ, ಮೂರನೆಯ ದಾರಿಯಲ್ಲಿ ಹೊರಟವರು ತಿಳಿಯದೆ ನಾಲ್ಕನೆಯದಕ್ಕೆ ಜಾರಿದಾಗ.

ಸುಳಿವಿನ ಮಾತು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಪ್ರಸಿದ್ಧ ಉದಾಹರಣೆಯಿದೆ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿದ್ದಾಗ ಏರ್ ಫ್ಲೋರಿಡಾದ ವಿಮಾನವೊಂದು ಮೇಲೇರಲು ಓಡತೊಡಗಿತು. ಎಂಜಿನ್ ಮಾಪಕಗಳು ತೋರಿಸುತ್ತಿದ್ದುದು ಸರಿಯಾಗಿ ಕಾಣುತ್ತಿಲ್ಲ ಎಂದು ಸಹ ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ಸರಿಯಾಗಿಯೇ ಇದೆ ಎಂದರು ಕ್ಯಾಪ್ಟನ್. ‘ಓಟ ನಿಲ್ಲಿಸಿ’ ಎಂಬ ಮಾತು ಮಾತ್ರ ಬರಲಿಲ್ಲ. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದವರೂ ಸೇರಿ 78 ಮಂದಿ ಸತ್ತರು. ರೆಕ್ಕೆಗಳ ಮೇಲೆ ಕೂತ ಹಿಮ, ಎಂಜಿನ್ನಿನ ಮಂಜು ನಿರೋಧಕ ವ್ಯವಸ್ಥೆಯನ್ನು ಚಾಲೂ ಮಾಡದಿದ್ದದ್ದು ಮುಖ್ಯ ಕಾರಣಗಳು. ಆದರೂ ಓಟ ನಿಲ್ಲಿಸಲು ಸಮಯವಿದ್ದಾಗ ಆಡಿದ ಮಾತು ಬರೀ ಅನುಮಾನವಾಗಿ ಉಳಿಯಿತು, ಕೋರಿಕೆಯಾಗಲಿಲ್ಲ. ವಿಮಾನ ಸಿಬ್ಬಂದಿಯ ಮಾತುಕತೆಗಳನ್ನು ಅಧ್ಯಯನ ಮಾಡಿದ ಷಾರ್ಲಟ್ ಲಿಂಡ್ 1988ರಲ್ಲಿ ಪ್ರಕಟಿಸಿದ ಬರಹ ಇದೇ ಸಂಬಂಧವನ್ನು ತೋರಿಸುತ್ತದೆ: ಹೆಚ್ಚು ಮೆದುಗೊಳಿಸಿ ಹೇಳಿದ ಸಲಹೆಗಳು ಕಿವಿಗೆ ಬೀಳದೆ ಹೋಗುವುದು ಹೆಚ್ಚು.

ಇದಕ್ಕೆ ಪರಿಹಾರವಾಗಿ ವಿಮಾನ ಸಿಬ್ಬಂದಿಗೆ ಒರಟಾಗಿ ಮಾತಾಡಲು ಕಲಿಸಲಿಲ್ಲ. ತರಬೇತಿಯಲ್ಲಿ ಹೇಳಿಕೊಡುವುದು ಐದು ಹೆಜ್ಜೆಗಳನ್ನು: ಹೆಸರು ಹಿಡಿದು ಕರೆಯುವುದು, ತಮ್ಮ ಕಳವಳ ಹೇಳುವುದು, ಕಂಡ ಸಮಸ್ಯೆಯನ್ನು ಇದ್ದಂತೆ ಹೇಳುವುದು, ಏನು ಮಾಡಬೇಕೆಂದು ಸೂಚಿಸುವುದು, ಕೊನೆಗೆ ಒಪ್ಪಿಗೆ ಕೇಳುವುದು. ಮೊದಲ ಹೆಜ್ಜೆಯಲ್ಲೂ ಕೊನೆಯದರಲ್ಲೂ ಮರ್ಯಾದೆ ಇದೆ. ನಡುವಿನ ಸಮಸ್ಯೆ, ಸೂಚನೆಗಳಲ್ಲಿ ರಾಜಿ ಇಲ್ಲ. ಕಚೇರಿಯ ಸಂದೇಶಕ್ಕೂ ಈ ಹಂಚಿಕೆ ಸರಿಹೊಂದುತ್ತದೆ.

ಲೆಕ್ಕಪತ್ರದ ಕಚೇರಿಯ ಒಂದು ಪ್ರಸಂಗವನ್ನು ತೆಗೆದುಕೊಳ್ಳಬಹುದು. ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸುವ ವ್ಯಾಪಾರಿಗಳು ಹಿಂದಿನ ತಿಂಗಳ 3ಬಿ ಫಾರಂ ಅನ್ನು 20ರೊಳಗೆ ಹಾಕಬೇಕು. ಖರೀದಿಗೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳಲು ಖರೀದಿ ಪಟ್ಟಿಯು 2ಬಿ ಎಂಬ ಪಟ್ಟಿಯೊಂದಿಗೆ ತಾಳೆಯಾಗಬೇಕು. ಈ 2ಬಿ ಸಾಮಾನ್ಯವಾಗಿ 14ಕ್ಕೆ ಪೋರ್ಟಲ್‌ನಲ್ಲಿ ಸಿಗುತ್ತದೆ. ಅಂದರೆ ತಾಳೆ ನೋಡಲು ಸಿಗುವುದು ಐದಾರು ದಿನ. ತಡವಾದರೆ ದಿನಕ್ಕೆ ಇಷ್ಟು ಎಂದು ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ಬಡ್ಡಿ. ಈ ಗಡಿಬಿಡಿಯಲ್ಲಿ 16ರಂದು ಸಹೋದ್ಯೋಗಿಯ ಪಟ್ಟಿಯಲ್ಲಿ ಮೂರು ಸಾಲು ತಾಳೆಯಾಗದಿದ್ದಾಗ ವಾಟ್ಸ್ಆ್ಯಪ್‌ನಲ್ಲಿ ಸಿಟ್ಟಿನಿಂದ ಹೀಗೊಂದು ಸಂದೇಶ ಹೋಗುತ್ತದೆ:

‘ಎಷ್ಟು ಸಲ ಹೇಳೋದು? ಪರ್ಚೇಸ್ ಶೀಟ್ ಮತ್ತೆ ತಪ್ಪು ಮಾಡಿದ್ದೀರಿ. ಬೇಗ ಸರಿ ಮಾಡಿ ಕಳಿಸಿ.’

ಇದು ಒರಟು ಮಾತ್ರವಲ್ಲ, ಅಸ್ಪಷ್ಟವೂ ಹೌದು. ಯಾವ ಸಾಲು ತಪ್ಪು, ಏನು ತಪ್ಪು, ‘ಬೇಗ’ ಎಂದರೆ ಯಾವಾಗ ಎಂಬುದಿಲ್ಲ. ನೇರ ಮಾತೆಲ್ಲ ಸ್ಪಷ್ಟ ಮಾತು ಎಂಬ ನಂಬಿಕೆ ಇಲ್ಲಿಯೇ ಸುಳ್ಳಾಗುತ್ತದೆ. ಇದನ್ನೇ ಮೆದುಗೊಳಿಸಲು ಹೋಗಿ ಹಲವರು ಬರೆಯುವುದು ಹೀಗೆ:

‘ಮೇಡಂ, ಡಿಸ್ಟರ್ಬ್ ಮಾಡ್ತಿದ್ದೀನಿ, ಸಾರಿ. ಶೀಟ್‌ನಲ್ಲಿ ಸ್ವಲ್ಪ ಏನೋ ವ್ಯತ್ಯಾಸ ಇರೋ ಹಾಗಿದೆ. ಬಿಡುವಾದಾಗ ಒಂದ್ಸಲ ನೋಡಿದ್ರೆ ಒಳ್ಳೇದಿತ್ತು.’

ಇದನ್ನು ಓದಿದವರು ಸಂಜೆ ಒಮ್ಮೆ ಶೀಟ್ ತೆರೆದು ನೋಡಿ ಮುಚ್ಚಿದರೆ ಕೇಳಿದ್ದನ್ನು ಮಾಡಿದಂತೆಯೇ ಆಯಿತು. 19ರ ಸಂಜೆ ಮತ್ತೆ ಸಿಟ್ಟಿನ ಸಂದೇಶ ಹೋಗುವುದು ಖಚಿತ. ಎರಡನ್ನೂ ಬಿಟ್ಟ ಮೂರನೆಯ ರೂಪ ಇದು:

‘ಮೇಡಂ, ಪರ್ಚೇಸ್ ಶೀಟ್ ನೋಡಿದೆ. 14, 27, 31ನೇ ಸಾಲು 2ಬಿ ಜೊತೆ ತಾಳೆ ಆಗ್ತಿಲ್ಲ, ಸಪ್ಲೈಯರ್ ಜಿಎಸ್‌ಟಿ ನಂಬರ್‌ನಲ್ಲಿ 15ರ ಬದಲು 14 ಅಕ್ಷರ ಬಂದಿದೆ. ಬಿಲ್ ನೋಡಿ ಈ ಮೂರನ್ನು ಸರಿಮಾಡಿ 18ರ ಸಂಜೆ 4ರೊಳಗೆ ಕಳಿಸಿಕೊಡ್ತೀರಾ? 20ಕ್ಕೆ 3ಬಿ ಹಾಕಬೇಕು, ಅದಕ್ಕೆ ಮುಂಚೆ ಸರ್ ಒಂದು ದಿನ ಚೆಕ್ ಮಾಡ್ತಾರೆ. ಆ ಹೊತ್ತಿಗೆ ಕಷ್ಟ ಅನ್ಸಿದ್ರೆ ಇವತ್ತೇ ಹೇಳಿ, ಬಿಲ್ ಕಾಪಿ ಕೊಟ್ರೆ ನಾನೇ ಹಾಕ್ತೀನಿ.’

ಇಲ್ಲಿ ಸಾಲಿನ ಸಂಖ್ಯೆ, ತಪ್ಪಿನ ಬಗೆ, ಗಂಟೆ ಎಲ್ಲವೂ ಇವೆ. ಮೆದುತನ ಬಂದಿರುವುದು ಬೇರೆ ಕಡೆಗಳಿಂದ. ಮೊದಲನೆಯದು, ‘ನೀವು ತಪ್ಪು ಮಾಡಿದ್ದೀರಿ’ ಎಂಬುದು ‘ತಾಳೆ ಆಗ್ತಿಲ್ಲ’ ಎಂದಾಗಿದೆ. ಮಾಡಿದವರನ್ನು ಹೆಸರಿಸದೆ ಆದದ್ದನ್ನು ಹೇಳಲು ಕನ್ನಡದ ‘ಆಗು’ ಕ್ರಿಯಾಪದ ಒಳ್ಳೆಯ ಸಾಧನ. ಆದರೆ ಇದನ್ನು ಬಳಸಬೇಕಾದದ್ದು ಆಗಿಹೋದ ತಪ್ಪಿನ ವಿಷಯದಲ್ಲಿ ಮಾತ್ರ. ಮುಂದೆ ಆಗಬೇಕಾದ ಕೆಲಸಕ್ಕೂ ಅದನ್ನೇ ಬಳಸಿ ‘ಈ ಮೂರು ಸರಿ ಆಗಬೇಕಿತ್ತು’ ಎಂದರೆ ಯಾರು ಮಾಡಬೇಕೆಂಬುದೇ ಕಳೆದುಹೋಗುತ್ತದೆ. ಹಿಂದಿನ ತಪ್ಪಿಗೆ ಕರ್ತೃ ಬೇಡ, ಮುಂದಿನ ಕೆಲಸಕ್ಕೆ ಕರ್ತೃ ಬೇಕೇಬೇಕು.

ಎರಡನೆಯದು, ಕ್ರಿಯಾಪದದ ಕೊನೆ. ಕಳಿಸು, ಕಳಿಸಿ, ಕಳಿಸಿಕೊಡಿ, ಕಳಿಸಿಕೊಡ್ತೀರಾ ಎಂದು ಹೋದಂತೆ ಮಾತು ಮೆದುವಾಗುತ್ತದೆ, ಆದರೆ ಕೇಳಿದ ವಸ್ತು ಒಂದಿಷ್ಟೂ ಬದಲಾಗುವುದಿಲ್ಲ. ‘ಕೊಡು’ ಸೇರಿದಾಗ ಆ ಕೆಲಸ ತಮಗೆ ಮಾಡುವ ಉಪಕಾರ ಎಂಬ ಧ್ವನಿ ಬರುತ್ತದೆ. ಪ್ರಶ್ನೆಯ ರೂಪ ಒಪ್ಪಿಗೆಗೆ ಜಾಗ ಬಿಡುತ್ತದೆ. ಇವು ಎಷ್ಟು ಬಳಸಿದರೂ ಅಪಾಯವಿಲ್ಲದ ಮೆದುಕಾರಕಗಳು.

ಮೂರನೆಯದು, ಕಾರಣ. 18 ಎಂಬ ದಿನಾಂಕ ಬರೆದವರ ಹಟದಿಂದ ಬಂದದ್ದಲ್ಲ, 20ರ ಗಡುವಿನಿಂದ ಬಂದದ್ದು ಎಂದು ತಿಳಿದಾಗ ಒತ್ತಡ ವ್ಯಕ್ತಿಯಿಂದ ಕೆಲಸಕ್ಕೆ ವರ್ಗವಾಗುತ್ತದೆ. ಕಾರಣ ಒಂದು ವಾಕ್ಯದಲ್ಲಿ ಮುಗಿಯಬೇಕು. ಮೂರು ವಾಕ್ಯವಾದರೆ ಸಮಜಾಯಿಷಿಯಂತೆ ಕಾಣುತ್ತದೆ, ಕೋರಿಕೆ ಅದರಡಿ ಮುಚ್ಚಿಹೋಗುತ್ತದೆ. ನಾಲ್ಕನೆಯದು, ‘ಕಷ್ಟ ಅನ್ಸಿದ್ರೆ ಇವತ್ತೇ ಹೇಳಿ’ ಎಂಬ ಬಿಡುಗಡೆಯ ದಾರಿ. ‘ಸಾಧ್ಯವಾದರೆ ಕಳಿಸಿ’ ಎಂಬುದಕ್ಕೂ ಇದಕ್ಕೂ ದೊಡ್ಡ ಅಂತರವಿದೆ. ‘ಸಾಧ್ಯವಾದರೆ’ ಎಂದಾಗ ಸುಮ್ಮನಿರುವುದೂ ಒಂದು ಉತ್ತರ. ‘ಇವತ್ತೇ ಹೇಳಿ’ ಎಂದಾಗ ಆಗದು ಎನ್ನುವ ಸ್ವಾತಂತ್ರ್ಯವಿದೆ, ಸುಮ್ಮನಿರುವ ಸ್ವಾತಂತ್ರ್ಯವಿಲ್ಲ.

ಒಂದೇ ಪದ ಕೂತ ಜಾಗದಿಂದ ಒಳ್ಳೆಯದೂ ಕೆಟ್ಟದ್ದೂ ಆಗಬಲ್ಲದು. ‘ಸ್ವಲ್ಪ ನೋಡಿ ಹೇಳಿ’ ಎಂಬಲ್ಲಿ ‘ಸ್ವಲ್ಪ’ ಕ್ರಿಯೆಯ ಮುಂದಿದೆ, ಅದು ಬರೀ ವಿನಯ. ‘ಸ್ವಲ್ಪ ತಪ್ಪಿದೆ’ ಎಂಬಲ್ಲಿ ಅದು ತಪ್ಪನ್ನೇ ಚಿಕ್ಕದು ಮಾಡುತ್ತದೆ. ‘ಆದಷ್ಟು ಬೇಗ’, ‘ಯಾರಾದರೂ’, ‘ಏನೋ’, ‘ಇರೋ ಹಾಗಿದೆ’ ಇವೂ ಕೆಲಸದ ಭಾಗವನ್ನು ಕರಗಿಸುವ ಪದಗಳು. ನಿಜವಾಗಿ ಅನುಮಾನವಿದ್ದಾಗ ‘ಇರೋ ಹಾಗಿದೆ’ ಎನ್ನುವುದು ಪ್ರಾಮಾಣಿಕತೆ. ಖಚಿತವಾಗಿ ಗೊತ್ತಿದ್ದೂ ಹಾಗೆ ಬರೆದರೆ ಓದುವವರಿಗೆ ದಾರಿ ತಪ್ಪುತ್ತದೆ.

ಉತ್ತರದಲ್ಲೂ ಇದೇ ತೊಡಕು ಬರುತ್ತದೆ. ‘ನೋಡೋಣ’, ‘ಟ್ರೈ ಮಾಡ್ತೀನಿ’ ಎಂಬುವು ಎಷ್ಟೋ ಸಲ ಮುಖ ಮುರಿಯದೆ ಇಲ್ಲವೆನ್ನುವ ಬಗೆಗಳು. ಅದನ್ನು ಒಪ್ಪಿಗೆ ಎಂದು ಎಣಿಸಿ ಕೂರುವುದಕ್ಕಿಂತ ‘ಹಾಗಾದ್ರೆ 18ಕ್ಕೆ ಬರುತ್ತೆ ಅಂತ ಸರ್‌ಗೆ ಹೇಳಲಾ?’ ಎಂದು ಕೇಳುವುದು ಒಳಿತು. ಇದು ವಿಮಾನ ಸಿಬ್ಬಂದಿಯ ಐದನೆಯ ಹೆಜ್ಜೆ.

ಮೆದುತನಕ್ಕೂ ಮಿತಿಗಳಿವೆ. ಯಂತ್ರ ನಿಲ್ಲಿಸಬೇಕಾದಾಗ, ತಪ್ಪು ಖಾತೆಗೆ ಹಣ ಹೋಗುತ್ತಿರುವಾಗ ‘ನಿಲ್ಲಿಸಿ’ ಎಂಬ ಒಂದೇ ಪದ ಸಾಕು, ಆ ಹೊತ್ತಿನಲ್ಲಿ ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಗುಂಪಿನಲ್ಲಿ ಹಾಕಿದ ಸಂದೇಶವನ್ನು ಎಷ್ಟು ಮೆದುಗೊಳಿಸಿದರೂ ಒಬ್ಬರ ತಪ್ಪು ಹತ್ತು ಜನರ ಮುಂದೆ ಬಂದಿರುತ್ತದೆ, ಪದಗಳಿಂದ ಅದನ್ನು ಸರಿಪಡಿಸಲಾಗದು. ಅಂಥದ್ದು ಖಾಸಗಿಯಾಗಿಯೇ ಹೋಗಬೇಕು. ಒಂದೇ ತಪ್ಪು ತಿಂಗಳು ತಿಂಗಳೂ ಬರುತ್ತಿದ್ದರೆ ಅದಕ್ಕೆ ಬೇಕಾದದ್ದು ಎದುರು ಕೂತು ಆಡುವ ಮಾತು. ‘ಎಷ್ಟು ಸಲ ಹೇಳೋದು’ ಎಂಬ ದೂರಿನ ಜಾಗ ಅದು, ಇವತ್ತಿನ ಮೂರು ಸಾಲಿನ ಸಂದೇಶವಲ್ಲ.

ಬರೆದದ್ದು ಸರಿಯಿದೆಯೇ ಎಂದು ನೋಡಲು ಸುಲಭ ಪರೀಕ್ಷೆಯೊಂದಿದೆ. ಕಳಿಸುವ ಮುನ್ನ ಸಂದೇಶದಿಂದ ವಿನಯದ ಪದಗಳನ್ನೆಲ್ಲ ಮನಸ್ಸಿನಲ್ಲೇ ತೆಗೆದುಹಾಕಬೇಕು. ಉಳಿದದ್ದರಲ್ಲಿ ಏನು, ಯಾರು, ಯಾವಾಗ ಎಂಬ ಮೂರಕ್ಕೂ ಉತ್ತರ ಸಿಕ್ಕರೆ ಕೋರಿಕೆ ಭದ್ರವಾಗಿದೆ. ಸಿಗದಿದ್ದರೆ ಕೊರತೆಯಿರುವುದು ಕೋರಿಕೆಯಲ್ಲಿ, ಇನ್ನೊಂದು ‘ಪ್ಲೀಸ್’ ಸೇರಿಸಿದರೆ ಅದು ತುಂಬುವುದಿಲ್ಲ.