ಹಿಂದಕ್ಕೆ ಬಾಗದ ಸೀಟು

ಹಂಪಿಯ ವಿಠ್ಠಲ ದೇವಸ್ಥಾನ ನೋಡಲು 2018ರ ದರದಂತೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ನೋಡುವ ಕಲ್ಲಿನ ರಥ ಒಂದೇ. ಖರ್ಚಿನಲ್ಲಿ ಅಷ್ಟು ವ್ಯತ್ಯಾಸವಿಲ್ಲದೆಯೂ ಬೇರೆ ಬೇರೆಯವರಿಂದ ಬೇರೆ ಬೇರೆ ದರ ಪಡೆಯುವುದೇ ಬೆಲೆ ತಾರತಮ್ಯ. ಇದನ್ನು ಮೂರು ದರ್ಜೆಗಳಾಗಿ ವಿಂಗಡಿಸಿದವರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ, 1920ರಲ್ಲಿ.

ಹಂಪಿಯದು ಮೂರನೆಯ ದರ್ಜೆ. ಮಾರುವವನು ಗುರುತಿನ ಚೀಟಿ ನೋಡಿ ಗುಂಪು ಮಾಡುತ್ತಾನೆ, ಗುಂಪಿಗೊಂದು ದರ. ಕೆಎಸ್‌ಆರ್‌ಟಿಸಿ ಹಿರಿಯ ನಾಗರಿಕರಿಗೆ ಕೊಡುವ ಶೇ. 25ರ ರಿಯಾಯಿತಿಯೂ ಇದೇ ಬಗೆ. ಕಡಿಮೆ ದರದ ಟಿಕೆಟ್ ಇನ್ನೊಬ್ಬರ ಕೈಗೆ ದಾಟುವಂತಿದ್ದರೆ ಈ ಏರ್ಪಾಡು ನಿಲ್ಲುವುದಿಲ್ಲ.

ಮೊದಲನೆಯ ದರ್ಜೆಯಲ್ಲಿ ಗುಂಪಿಲ್ಲ, ಪ್ರತಿಯೊಬ್ಬರಿಗೂ ಅವರವರ ಬೆಲೆ. ಬೆಲೆಚೀಟಿ ಇಲ್ಲದ ಸೀರೆ ಅಂಗಡಿಯವರು ‘ಯಾರ ಮದುವೆ? ಎಷ್ಟರೊಳಗೆ ನೋಡ್ತೀರಿ?’ ಎಂದು ಕೇಳುವುದು ನಾವು ಎಷ್ಟರವರೆಗೆ ಏರಬಲ್ಲೆವು ಎಂದು ಅಳೆಯಲಿಕ್ಕೇ. ಆದರೆ ಯಾರ ಮನಸ್ಸಿನ ಗರಿಷ್ಠ ಬೆಲೆಯೂ ಪೂರ್ತಿ ತಿಳಿಯುವುದಿಲ್ಲ. ಹಾಗಾಗಿ ಇದು ಪರಿಪೂರ್ಣ ರೂಪದಲ್ಲಿ ಪುಸ್ತಕದಲ್ಲಷ್ಟೇ ಸಿಗುತ್ತದೆ.

ನಿಜವಾದ ಜಾಣತನ ಇರುವುದು ಎರಡನೆಯದರಲ್ಲಿ. ಇಲ್ಲಿ ಯಾರು ಎಷ್ಟು ಕೊಡಬಲ್ಲರೋ ಮಾರುವವನಿಗೆ ಗೊತ್ತಿಲ್ಲ. ಎರಡು ಬಗೆಯ ಸರಕನ್ನು ಮುಂದಿಡುತ್ತಾನೆ, ಗಿರಾಕಿಯೇ ಆರಿಸಿಕೊಂಡು ತನ್ನನ್ನು ತೋರಿಸಿಕೊಳ್ಳುತ್ತಾನೆ. ರಾತ್ರಿ ಬಸ್ಸೊಂದನ್ನು ಊಹಿಸಿಕೊಳ್ಳಿ. ನೌಕರಿಯವರು ಸ್ಲೀಪರಿಗೆ 1500, ಸೀಟಿಗೆ 1000 ರೂಪಾಯಿವರೆಗೆ ಕೊಡಬಲ್ಲರು. ವಿದ್ಯಾರ್ಥಿ ಸೀಟಿಗೆ 600 ಕೊಟ್ಟಾನು, ಸ್ಲೀಪರಿಗೆ 700. ಮಾಲೀಕ ಸೀಟಿಗೆ 600, ಸ್ಲೀಪರಿಗೆ 1500 ಇಟ್ಟರೆ ನೌಕರಿಯವರೂ ಸೀಟನ್ನೇ ಹಿಡಿಯುತ್ತಾರೆ, ಏಕೆಂದರೆ ಅಲ್ಲಿ ಅವರಿಗೆ 400 ರೂಪಾಯಿ ಉಳಿತಾಯ. ಅವರನ್ನು ಸ್ಲೀಪರಿನಲ್ಲೇ ಉಳಿಸಿಕೊಳ್ಳಲು ಅದರ ಬೆಲೆಯನ್ನು 1100ಕ್ಕೆ ಇಳಿಸಬೇಕು. ಇಬ್ಬರಿಂದ ಬರುವುದು 1700.

ಈಗ ಮಾಲೀಕ ಸೀಟು ಹಿಂದಕ್ಕೆ ಬಾಗದಂತೆ ಮಾಡುತ್ತಾನೆ ಎನ್ನಿ. ಅದರ ಬೆಲೆ ವಿದ್ಯಾರ್ಥಿಯ ಲೆಕ್ಕದಲ್ಲಿ 500ಕ್ಕೆ ಇಳಿಯುತ್ತದೆ. ಮೈಕೈ ನೋವಿಗೆ ಹೆಚ್ಚು ಹೆದರುವ ನೌಕರಿಯವರ ಲೆಕ್ಕದಲ್ಲಿ 700ಕ್ಕೆ ಕುಸಿಯುತ್ತದೆ. ಸೀಟಿಗೆ 500 ಇಟ್ಟರೆ ಅಲ್ಲಿ ಅವರ ಉಳಿತಾಯ 200 ಮಾತ್ರ. ಹಾಗಾಗಿ ಸ್ಲೀಪರ್ ಬೆಲೆ 1300ಕ್ಕೆ ಏರಬಹುದು. ಒಟ್ಟು 1800. ಸೀಟು ಕೆಟ್ಟಿತು, ಗಳಿಕೆ ಹೆಚ್ಚಿತು!

ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ 1849ರಲ್ಲೇ ಇದನ್ನು ರೈಲಿನಲ್ಲಿ ಕಂಡಿದ್ದರು. ಥರ್ಡ್ ಕ್ಲಾಸ್ ಬೋಗಿಗೆ ಚಾವಣಿ ಹಾಕಲು ಹೆಚ್ಚೇನೂ ಖರ್ಚಾಗುತ್ತಿರಲಿಲ್ಲ. ಸೆಕೆಂಡ್ ಕ್ಲಾಸಿನ ದುಡ್ಡು ಕೊಡಬಲ್ಲವರು ಥರ್ಡ್ ಕ್ಲಾಸಿಗೆ ಬಾರದಿರಲೆಂದೇ ಅದನ್ನು ಬಿಡಲಾಗಿತ್ತು. ಹೆದರಿಸಬೇಕಾಗಿದ್ದುದು ಉಳ್ಳವರನ್ನು, ಮಳೆಯಲ್ಲಿ ನೆನೆದವರು ಬಡವರು.

ಸ್ಲೀಪರ್ ಹೆಚ್ಚು ಜಾಗ ಹಿಡಿಯುತ್ತದೆ, ಆ ಪಾಲು ಹೆಚ್ಚುವರಿ ದರ ನ್ಯಾಯವಾದದ್ದೇ. ವಿದ್ಯಾರ್ಥಿಗೆ 500ಕ್ಕೆ ಸೀಟು ಸಿಕ್ಕಿ ಊರು ಸೇರುವುದೂ ಒಳ್ಳೆಯದೇ. ನನ್ನ ತಕರಾರು ಬೇಕೆಂದೇ ಹೇರಿದ ಅನನುಕೂಲದ ಬಗ್ಗೆ. ಅದನ್ನು ಗುರುತಿಸಲು ಕಡಿಮೆ ದರದ ಸರಕಿನಲ್ಲಿ ಇಲ್ಲದ್ದೇನು ಎಂದು ನೋಡಿ, ಅದನ್ನು ಕೊಡಲು ಎಷ್ಟು ಖರ್ಚಾಗುತ್ತಿತ್ತು ಎಂದು ಲೆಕ್ಕ ಹಾಕಿದರೆ ಸಾಕು.